ನಮ್ಮ ಮರದ ಆಟಿಕೆಯ ನಕಲಿ ಆನ್‌ಲೈನ್‌ನಲ್ಲಿ: ನೋಟಿಸ್ ಮೊದಲಾ, ಲಿಸ್ಟಿಂಗ್ ತೆಗೆಸೋದು ಮೊದಲಾ?

ಬಣ್ಣದ ಬುಗುರಿ

ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಆಲೆ ಮರದ ಗಿಲಕಿ, ಬುಗುರಿ, ಒಂದರ ಮೇಲೊಂದು ಜೋಡಿಸುವ ಬಳೆ ಆಟಿಕೆ ಮಾಡುತ್ತೇವೆ. ಬ್ರ್ಯಾಂಡ್ ಹೆಸರಿಗೂ ಲೋಗೋಗೂ ಟ್ರೇಡ್‌ಮಾರ್ಕ್ ನೋಂದಣಿ ಆಗಿದೆ, ಆಟಿಕೆಗಳ 28ನೇ ವರ್ಗದಲ್ಲಿ. ನಮ್ಮ ವೆಬ್‌ಸೈಟ್‌ನಲ್ಲೂ ಒಂದು ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲೂ ಮಾರುತ್ತೇವೆ.

ಹೋದ ತಿಂಗಳು ಒಬ್ಬ ಗ್ರಾಹಕರು ಬಳೆ ಆಟಿಕೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಿದೆ ಅಂತ ಬೈದು ಮೇಲ್ ಹಾಕಿದರು. ಫೋಟೋ ನೋಡಿದರೆ ಅದು ನಮ್ಮ ಮಾಲೇ ಅಲ್ಲ! ಹುಡುಕಿದಾಗ ಅದೇ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೊಬ್ಬ ಸೆಲ್ಲರ್ ಸಿಕ್ಕಿದ. ನಮ್ಮ ಹೆಸರು, ನಮ್ಮ ಲೋಗೋ, ನಾನೇ ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲಿಟ್ಟು ತೆಗೆದ ಫೋಟೋ. ನಮ್ಮ ಬೆಲೆ 890, ಅವನದು 349. ಜೊತೆಗೆ 'ಅಸಲಿ ಚನ್ನಪಟ್ಟಣ' ಅಂತಲೂ ಬರೆದುಕೊಂಡಿದ್ದಾನೆ.

ನನ್ನ ತಮ್ಮ ಒಂದು ಪತ್ರ ಬರೆದಿದ್ದಾನೆ. '24 ಗಂಟೆಯಲ್ಲಿ ಮಾರಾಟ ನಿಲ್ಲಿಸಿ 50 ಲಕ್ಷ ಪರಿಹಾರ ಕೊಡದಿದ್ದರೆ ನಿಮ್ಮ ಮೇಲೆ ಎಫ್‌ಐಆರ್, ಜೈಲು' ಅಂತ. ಇದನ್ನು ಆ ಸೆಲ್ಲರ್‌ಗೆ ಚಾಟ್‌ನಲ್ಲಿ ಕಳಿಸಲಾ? ಇಲ್ಲಾ ಮೊದಲು ಮಾರ್ಕೆಟ್‌ಪ್ಲೇಸ್‌ಗೆ ದೂರು ಕೊಟ್ಟು ಲಿಸ್ಟಿಂಗ್ ತೆಗೆಸಲಾ?

ಸೆಲ್ಲರ್ ಸೀನ

ಮೇಡಂ, ಯೋಚನೆನೇ ಮಾಡಬೇಡಿ. ಇವತ್ತೇ ರಿಪೋರ್ಟ್ ಹೊಡೆಯಿರಿ. ನಾನು ಮೊಬೈಲ್ ಕವರ್ ಮಾರುತ್ತೇನೆ, ಇದೆಲ್ಲ ನೋಡಿದ್ದೇನೆ. ನಿಮ್ಮ ಪರ್ಮಿಷನ್ ಇಲ್ಲದೆ ನಿಮ್ಮ ಬ್ರ್ಯಾಂಡ್ ಯಾರೂ ಮಾರೋ ಹಾಗಿಲ್ಲ, ಕಾನೂನು ಅಷ್ಟೇ. ರಿಪೋರ್ಟ್ ಫಾರಂನಲ್ಲಿ 'ನಕಲಿ ಮಾಲು' ಆಯ್ಕೆ ಒತ್ತಿ, ಸರ್ಟಿಫಿಕೇಟ್ ನಂಬರ್ ಹಾಕಿ, ಮುಗೀತು. ಪತ್ರಕ್ಕೆ ಯಾರೂ ಹೆದರಲ್ಲ.

ಕೋರ್ಟ್ ಹಾಲ್ 14

ಬುಗುರಿ ಮೇಡಂ, ಎರಡನ್ನೂ ಇವತ್ತು ಮಾಡಬೇಡಿ. ಮೊದಲು ಆ ಆಟಿಕೆಯನ್ನು ಕೊಳ್ಳಿ.

ಸೀನ ಅವರು ಹೇಳಿದ್ದು ಅರ್ಧ ಸರಿ. ನಿಮ್ಮ ಅಂಗಡಿಯಿಂದಲೇ ಯಾರೋ ನಿಜವಾದ ಮಾಲು ಕೊಂಡು ಮತ್ತೆ ಮಾರಿದರೆ ಅದು ನಕಲಿ ಅಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯ 30(3)ನೇ ಕಲಂ ಅಂಥವರ ಪರವಾಗಿದೆ. ಮಾಲು ಹಾಳಾಗಿದ್ದರೆ, ಬದಲಾಯಿಸಿ ಮಾರುತ್ತಿದ್ದರೆ, ಅಂಥ ನ್ಯಾಯವಾದ ಕಾರಣ ಇದ್ದರೆ ಮಾತ್ರ ನೀವು ತಡೆಯಬಹುದು. ನೀವು ಮೇಳಗಳಲ್ಲಿ ಸಗಟು ಕೊಟ್ಟಿರುತ್ತೀರಿ, ಹಳೇ ಸ್ಟಾಕ್ ಯಾರ ಹತ್ತಿರವೋ ಇರುತ್ತದೆ. ಅವನು 'ಇದು ನಿಮ್ಮದೇ ಮಾಲು' ಅಂದರೆ ನಿಮ್ಮ ಕೈಯಲ್ಲಿ ಏನಿದೆ? ಗ್ರಾಹಕರ ಒಂದು ಫೋಟೋ. ಅದು ಯಾವ ಸೆಲ್ಲರ್‌ನಿಂದ ಬಂತು ಅಂತಲೂ ಸಾಬೀತಿಲ್ಲ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಮೊದಲೇ ದೂರು ಕೊಟ್ಟು ಲಿಸ್ಟಿಂಗ್ ಹೋದರೆ ಆಮೇಲೆ ಕೊಳ್ಳಲು ಏನೂ ಇರುವುದಿಲ್ಲ. ಅವನು ಯಾರು ಅನ್ನುವುದೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಎದ್ದು ಕಾಣುವುದು ಅಂಗಡಿಯ ಹೆಸರು. ಇನ್‌ವಾಯ್ಸ್‌ನಲ್ಲಿ ನಿಜವಾದ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಬರುತ್ತದೆ. ಆ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಮಾಲೀಕನ ಕಾನೂನುಬದ್ಧ ಹೆಸರು ಸಿಗುತ್ತದೆ. ನೋಟಿಸ್ ಹೋಗಬೇಕಾದ್ದು ಆ ಹೆಸರಿಗೆ.

ಹಾಗಾಗಿ ಸ್ನೇಹಿತರೊಬ್ಬರ ಹೆಸರಲ್ಲಿ, ಅವರ ವಿಳಾಸಕ್ಕೆ ಎರಡು ಪೀಸ್ ತರಿಸಿ. ಒಂದನ್ನು ಡಬ್ಬಿಯ ಲೇಬಲ್ ಕಾಣುವ ಹಾಗೆ ವಿಡಿಯೋ ಮಾಡುತ್ತಾ ಬಿಚ್ಚಿ. ಇನ್ನೊಂದನ್ನು ಬಿಚ್ಚದೆ ಹಾಗೇ ಇಡಿ, ಕೋರ್ಟ್‌ಗೆ ಹೋದರೆ ಬೇಕಾಗುತ್ತದೆ. ಆರ್ಡರ್ ಹಾಕುವ ಮೊದಲು ಲಿಸ್ಟಿಂಗ್‌ನ ಪೂರ್ತಿ ಪುಟವನ್ನು ಲಿಂಕ್, ದಿನಾಂಕ, ಸೆಲ್ಲರ್ ಹೆಸರು ಕಾಣುವಂತೆ ಸೇವ್ ಮಾಡಿಕೊಳ್ಳಿ. ಕತ್ತರಿಸಿದ ಸ್ಕ್ರೀನ್‌ಶಾಟ್ ಬೇಡ. ಯಾವ ಕಂಪ್ಯೂಟರ್, ಯಾರು ತೆಗೆದಿದ್ದು ಅಂತ ಬರೆದಿಡಿ. ಮುಂದೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರಕ್ಕೆ ಅದು ಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ ಈಗ ಇದು.

ಅಲ್ಲಿಯವರೆಗೆ ಆ ಸೆಲ್ಲರ್‌ಗೆ ಒಂದು ಮೆಸೇಜೂ ಹಾಕಬೇಡಿ. ತಮ್ಮನ ಪತ್ರದ ಬಗ್ಗೆ ಆಮೇಲೆ ಮಾತಾಡೋಣ, ಅದಕ್ಕೆ ಬೇರೆ ರಿಪೇರಿ ಬೇಕು.

ಪುಟ್ಟಿ ಅಮ್ಮ

ನಾನೂ ಒಂದು ಮರದ ಗೊಂಬೆ ತರಿಸಿದ್ದೆ, ಒಂದೇ ವಾರಕ್ಕೆ ಕೈ ಮುರಿಯಿತು. ವಾಪಸ್ ತಗೊಳ್ಳೋ ಅವಧಿ ಮುಗಿದಿದೆ ಅಂತಿದ್ದಾರೆ. ನನ್ನ ದುಡ್ಡು ಹೇಗೆ ವಾಪಸ್ ಬರುತ್ತೆ ಹೇಳಿ ಪ್ಲೀಸ್.

ಕೋರ್ಟ್ ಹಾಲ್ 14

ಅಮ್ಮ, ನಿಮ್ಮದು ಗ್ರಾಹಕರ ದೂರು, ದಾರಿ ಬೇರೆ. ಮೊದಲು ಮಾರ್ಕೆಟ್‌ಪ್ಲೇಸ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ.

ಬಣ್ಣದ ಬುಗುರಿ

ಪುಟ್ಟಿ ಅಮ್ಮ, ಅದು ಬಳೆ ಆಟಿಕೆ ಅಲ್ಲ ತಾನೇ? ಡಬ್ಬಿ ಎಸೆಯಬೇಡಿ, ಒಂದು ಫೋಟೋ ಹಾಕಿ.

ಪುಟ್ಟಿ ಅಮ್ಮ

ಇಲ್ಲ ಮಗಳೇ, ಇದು ರಾಜ ರಾಣಿ. ಡಬ್ಬಿ ಪೇಪರ್‌ನವರಿಗೆ ಹಾಕಿಬಿಟ್ಟೆ.

ಇಳಕಲ್ ಸೆರಗು

ನನ್ನದೂ ಹೀಗೇ ಐತಿ ನೋಡ್ರಿ. ಸೀರೆ ಮಾರುತ್ತೇನೆ. ಬ್ರ್ಯಾಂಡ್ ಹೆಸರಿಗೆ ಅರ್ಜಿ ಹಾಕಿದ್ದೇನೆ, ಇನ್ನೂ ಸರ್ಟಿಫಿಕೇಟ್ ಬಂದಿಲ್ಲ. ಆದರೂ ಡಬ್ಬಿ ಮೇಲೆ ® ಹಾಕಿಕೊಂಡೇ ನೋಟಿಸ್ ಕಳಿಸಿದೆ. ಒಬ್ಬ ನಿಲ್ಲಿಸಿದ. ಬುಗುರಿ ಅವರೂ ಧೈರ್ಯವಾಗಿ ಕಳಿಸಲಿ ಅಂತ ನನ್ನ ಅಭಿಪ್ರಾಯ.

ಕೋರ್ಟ್ ಹಾಲ್ 14

ಸೆರಗು ಅಣ್ಣ, ಮೊದಲು ಆ ® ತೆಗೆಯಿರಿ. ® ಅಂದರೆ ನೋಂದಣಿ ಆಗಿದೆ ಅಂತ. ನೋಂದಣಿ ಆಗದ ಹೆಸರನ್ನು ಆಗಿದೆ ಅಂತ ತೋರಿಸುವುದೇ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಕಲಂನಲ್ಲಿ ತಪ್ಪು. ಎದುರಾಳಿಯ ವಕೀಲ ಮೊದಲು ಹಿಡಿಯುವುದೇ ಅದನ್ನು. ಅರ್ಜಿ ಬಾಕಿ ಇದ್ದರೆ ™ ಹಾಕಬಹುದು. ನಿಮಗೆ ಸದ್ಯಕ್ಕೆ ಇರುವುದು ಪಾಸಿಂಗ್ ಆಫ್ ದಾರಿ. ನಿಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಅವನು ಅದನ್ನು ಬಳಸಿ ಗಿರಾಕಿಗಳನ್ನು ದಾರಿ ತಪ್ಪಿಸಿದ, ನಿಮಗೆ ನಷ್ಟ ಆಯ್ತು ಅಂತ ಬಿಲ್ಲು, ಜಾಹೀರಾತು, ವರ್ಷಗಳ ವ್ಯಾಪಾರ ತೋರಿಸಿ ಹೇಳಬೇಕು. ಬುಗುರಿ ಮೇಡಂ ಸರ್ಟಿಫಿಕೇಟ್ ತೋರಿಸಿದರೆ ಅಷ್ಟೆಲ್ಲ ಬೇಕಾಗುವುದಿಲ್ಲ.

ಬಣ್ಣದ ಬುಗುರಿ

ಮಾಲು ಬಂತು. ಮೈಸೂರಿನ ಸ್ನೇಹಿತೆ ತರಿಸಿದಳು. ಇನ್‌ವಾಯ್ಸ್‌ನಲ್ಲಿ ಒಬ್ಬ ವ್ಯಕ್ತಿಯ ಹೆಸರು, ದೆಹಲಿ ವಿಳಾಸ. ಜಿಎಸ್‌ಟಿ ಪೋರ್ಟಲ್‌ನಲ್ಲೂ ಅದೇ ಹೆಸರು ತೋರಿಸುತ್ತಿದೆ.

ಆಟಿಕೆ ನೋಡಿದ ತಕ್ಷಣ ನಮ್ಮ ಮಾವ 'ಇದು ಆಲೆ ಅಲ್ಲ' ಅಂದರು. ಆದರೆ ಮಾವನ ಕಣ್ಣು ಕೋರ್ಟ್‌ಗೆ ಸಾಲಲ್ಲ ಅಲ್ವಾ, ಅದಕ್ಕೆ ವ್ಯತ್ಯಾಸಗಳನ್ನು ಬರೆದುಕೊಂಡೆ. ನಾವು ಬಣ್ಣ ಬಳಿಯುವುದಿಲ್ಲ. ಲೇತ್ ಮೇಲೆ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತೇವೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು ಕೊಡುತ್ತೇವೆ. ಅದಕ್ಕೇ ನಮ್ಮದರಲ್ಲಿ ಬಳೆಯ ಒಳಗಿನ ತೂತಿನ ಗೋಡೆಗೆ ಬಣ್ಣ ಹೋಗಿರುವುದಿಲ್ಲ. ಅವನದರಲ್ಲಿ ತೂತಿನೊಳಗೂ ಬಣ್ಣ ಇದೆ, ಒಂದು ಕಡೆ ಸೋರಿ ಹನಿ ನಿಂತಿದೆ. ಅಂದರೆ ಸ್ಪ್ರೇ ಹೊಡೆದಿದ್ದಾರೆ ಅಥವಾ ಅದ್ದಿದ್ದಾರೆ. ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿದೆ. ನಮ್ಮದರ ಬಣ್ಣ ಹತ್ತಿಗೆ ಬಂತು, ಅವನದು ಬರಲಿಲ್ಲ!

ಲೇಬಲ್‌ನಲ್ಲಿ ನಮ್ಮ ಲೋಗೋ ಮಸುಕಾಗಿದೆ, ಫೋಟೋ ತೆಗೆದು ಮುದ್ರಿಸಿದ ಹಾಗೆ. ತಯಾರಕರ ಹೆಸರು, ವಿಳಾಸ ಇಲ್ಲ. ಬ್ಯಾಚ್ ನಂಬರೂ ಇಲ್ಲ. ನಮ್ಮ ಪ್ರತಿ ಡಬ್ಬಿಯಲ್ಲಿ ಮೂರೂ ಇರುತ್ತದೆ.

ಸೆಲ್ಲರ್ ಸೀನ

ಒಂದು ನಿಮಿಷ, ಉಜ್ಜಿದರೆ ಬಣ್ಣ ಬಂದಿದ್ದು ನಿಮ್ಮದೇ ಅಂದರೆ ನಿಮ್ಮದೇ ಕಳಪೆ ಅಂತ ಆಗಲ್ವಾ?

ಬಣ್ಣದ ಬುಗುರಿ

ಇಲ್ಲ ಸೀನ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ನೀರಿಗೆ, ಜೊಲ್ಲಿಗೆ ಕರಗಲ್ಲ. ಎನಾಮೆಲ್ ಪೇಂಟ್ ಅಷ್ಟು ಸುಲಭಕ್ಕೆ ಸ್ಪಿರಿಟ್‌ಗೆ ಬಗ್ಗಲ್ಲ, ಆದರೆ ಮಗು ಕಚ್ಚಿದರೆ ಚಕ್ಕೆ ಏಳುತ್ತದೆ.

ಕೋರ್ಟ್ ಹಾಲ್ 14

ಬಹಳ ಚೆನ್ನಾಗಿ ಬರೆದಿದ್ದೀರಿ. ದೂರಿನಲ್ಲಿ ಇದೇ ಕೆಲಸಕ್ಕೆ ಬರುತ್ತದೆ. ಆದರೆ ಮಾರ್ಕೆಟ್‌ಪ್ಲೇಸ್‌ನಲ್ಲಿ ದೂರು ಓದುವವರಿಗೆ ಅರಗು, ಆಲೆ ಯಾವುದೂ ಗೊತ್ತಿರುವುದಿಲ್ಲ. ಅವರಿಗೆ ಬ್ಯಾಚ್ ನಂಬರ್ ಇಲ್ಲ, ತಯಾರಕರ ವಿಳಾಸ ಇಲ್ಲ, ಲೋಗೋ ಮಸುಕು, ತೂತಿನೊಳಗೆ ಬಣ್ಣ ಅಂತ ಅಸಲಿ ಮತ್ತು ನಕಲಿಯನ್ನು ಪಕ್ಕಪಕ್ಕ ಇಟ್ಟ ಫೋಟೋ ಕೊಡಿ. ಸ್ಪಿರಿಟ್ ಪರೀಕ್ಷೆ ಇದು ಅರಗಲ್ಲ ಅಂತ ಮಾತ್ರ ಹೇಳುತ್ತದೆ, ಬಣ್ಣದಲ್ಲಿ ಸೀಸ ಇದೆ ಅಂತ ಹೇಳುವುದಿಲ್ಲ. ಲ್ಯಾಬ್ ವರದಿ ಇಲ್ಲದೆ 'ವಿಷಕಾರಿ' ಅನ್ನುವ ಪದ ಎಲ್ಲೂ ಬರೆಯಬೇಡಿ.

ಈಗ ದೂರು. ಅವನು ಮಾಡಿರುವ ತಪ್ಪು ಒಂದಲ್ಲ, ಆದರೆ ಎಲ್ಲವನ್ನೂ ಒಂದೇ ಫಾರಂನಲ್ಲಿ ತುರುಕಬೇಡಿ. ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್ ವಿಷಯ. ಫೋಟೋ ಕಾಪಿರೈಟ್ ವಿಷಯ. ಎರಡಕ್ಕೂ ಬೇರೆ ಬೇರೆ ದೂರು ಹಾಕಿ.

ಇದರಲ್ಲಿ ಫೋಟೋದ್ದು ಬೇಗ ಓಡುತ್ತದೆ. ಯಾಕೆಂದರೆ ಅದಕ್ಕೆ ಕಾನೂನಲ್ಲೇ ಗಡಿಯಾರ ಇದೆ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ ಸರಿಯಾದ ಲಿಖಿತ ದೂರು ಬಂದರೆ, ಅದನ್ನು ಒಪ್ಪಿದ ಮಧ್ಯವರ್ತಿ, ಅಂದರೆ ಇಲ್ಲಿ ಮಾರ್ಕೆಟ್‌ಪ್ಲೇಸ್, 36 ಗಂಟೆಯೊಳಗೆ ತಡೆಹಿಡಿಯಬೇಕು. ಆದರೆ ಆ ತಡೆ 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ದೂರಿನಲ್ಲಿ 21 ದಿನದೊಳಗೆ ದಾವೆ ಹಾಕುತ್ತೇನೆ ಅಂತ ನೀವು ಮಾತು ಕೊಡಬೇಕಾಗುತ್ತದೆ, ಅದನ್ನು ನೋಡಿಕೊಂಡು ಸಹಿ ಹಾಕಿ. ಫೋಟೋ ನೀವೇ ತೆಗೆದದ್ದರಿಂದ ಹಕ್ಕು ನಿಮ್ಮದೇ. ಮೂಲ ಫೈಲ್ ಕ್ಯಾಮೆರಾದಲ್ಲೋ ಫೋನ್‌ನಲ್ಲೋ ಇದ್ದರೆ ಅಳಿಸಬೇಡಿ.

ಟ್ರೇಡ್‌ಮಾರ್ಕ್‌ಗೆ ಈ ಥರದ ಗಡಿಯಾರ ಇಲ್ಲ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 79ನೇ ಕಲಂ ಓದಿ, ಮಧ್ಯವರ್ತಿಗೆ 'ಗೊತ್ತಾಗುವುದು' ಅಂದರೆ ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದಾಗ ಅಂದಿದೆ. ಅದನ್ನು ಹಿಡಿದುಕೊಂಡು 'ಆದೇಶ ತನ್ನಿ' ಅನ್ನುವ ಮಾರ್ಕೆಟ್‌ಪ್ಲೇಸ್‌ಗಳಿವೆ. ಆದರೆ ದೊಡ್ಡವರಿಗೆಲ್ಲ ತಮ್ಮದೇ ನೀತಿ, ತಮ್ಮದೇ ಫಾರಂ ಇದೆ. ನಕಲಿ ಅಂತ ಸ್ಪಷ್ಟವಾಗಿದ್ದರೆ ಆದೇಶ ಇಲ್ಲದೆಯೂ ತೆಗೆಯುತ್ತಾರೆ. ನೀವು ಅವಲಂಬಿಸುತ್ತಿರುವುದು ಆ ನೀತಿಯನ್ನು ಅನ್ನೋದು ನೆನಪಿರಲಿ.

ಫಾರಂಗೆ ಹೀಗೆ ಬರೆಯಿರಿ. ಅವರಿಗೆ ಇಂಗ್ಲಿಷ್‌ನಲ್ಲಿ ಕಳಿಸಿ, ಇಲ್ಲಿ ಎಲ್ಲರಿಗೂ ತಿಳಿಯಲಿ ಅಂತ ಕನ್ನಡದಲ್ಲಿ ಹಾಕುತ್ತಿದ್ದೇನೆ.

> ನಾನು 28ನೇ ವರ್ಗದಲ್ಲಿ ನೋಂದಣಿಯಾದ ____ ಸಂಖ್ಯೆಯ ಟ್ರೇಡ್‌ಮಾರ್ಕ್‌ನ ಮಾಲೀಕಳು. ಈ ಕೆಳಗಿನ ಲಿಸ್ಟಿಂಗ್‌ನಲ್ಲಿ ____ ಎಂಬ ಸೆಲ್ಲರ್ ಈ ಮಾರ್ಕ್ ಹಾಕಿದ ಆಟಿಕೆ ಮಾರುತ್ತಿದ್ದಾರೆ. ____ ದಿನಾಂಕದಂದು ____ ಆರ್ಡರ್ ಸಂಖ್ಯೆಯಲ್ಲಿ ನಾವು ಅದನ್ನು ಖರೀದಿಸಿ ಪರಿಶೀಲಿಸಿದ್ದೇವೆ. ಅದು ನಾವು ತಯಾರಿಸಿದ್ದಲ್ಲ. ಡಬ್ಬಿಯಲ್ಲಿ ನಮ್ಮ ಬ್ಯಾಚ್ ಸಂಖ್ಯೆ ಮತ್ತು ತಯಾರಕರ ವಿಳಾಸ ಇಲ್ಲ. ಲೋಗೋ ಮುದ್ರಣ ಬೇರೆ. ಬಳೆಯ ಒಳಭಾಗಕ್ಕೆ ಬಣ್ಣ ಹರಿದಿದೆ, ನಮ್ಮ ವಿಧಾನದಲ್ಲಿ ಅದು ಆಗುವುದಿಲ್ಲ. ಹೋಲಿಕೆಯ ಫೋಟೋ, ಇನ್‌ವಾಯ್ಸ್, ನೋಂದಣಿ ಪತ್ರ ಲಗತ್ತಿಸಿದೆ. ಈ ಸೆಲ್ಲರ್‌ನ ಈ ಲಿಸ್ಟಿಂಗ್ ತೆಗೆಯಬೇಕೆಂದೂ, 2020ರ ಇ-ಕಾಮರ್ಸ್ ನಿಯಮಗಳ 5(5)ನೇ ನಿಯಮದಂತೆ ಈ ತೆಗೆದುಹಾಕುವಿಕೆಯನ್ನು ಸೆಲ್ಲರ್‌ನ ದಾಖಲೆಯಲ್ಲಿ ಇಡಬೇಕೆಂದೂ ಕೋರುತ್ತೇನೆ.

ಆ 5(5) ಯಾಕೆ ಅಂದರೆ, ತೆಗೆಸಿದ ಮಾಲನ್ನೇ ಮತ್ತೆ ಮತ್ತೆ ಹಾಕುವ ಸೆಲ್ಲರ್‌ಗಳನ್ನು ಗುರುತಿಸುವ ದಾಖಲೆ ಮಾರ್ಕೆಟ್‌ಪ್ಲೇಸ್ ಇಟ್ಟುಕೊಳ್ಳಬೇಕು. ಅವನನ್ನು ಓಡಿಸಲೇಬೇಕು ಅಂತ ನಿಯಮ ಹೇಳುವುದಿಲ್ಲ, ಆದರೆ ಎರಡನೇ ಸಲ ನಿಮಗೆ ಹಿಡಿಯಲು ಒಂದು ಕೊಂಡಿ ಇರುತ್ತದೆ. ಅಮೆಜಾನ್‌ನಲ್ಲಿ ಲಿಂಕ್ ಜೊತೆ ಅವರ ಉತ್ಪನ್ನ ಸಂಖ್ಯೆಯಾದ ASIN ಕೊಡಬೇಕು. ಅವನು ನಿಮ್ಮ ಲಿಸ್ಟಿಂಗ್‌ಗೇ ಸೆಲ್ಲರ್ ಆಗಿ ಅಂಟಿಕೊಂಡಿದ್ದರೆ ಆ ಸೆಲ್ಲರ್ ಹೆಸರನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ನಿಮ್ಮ ಪುಟವೇ ಬಿದ್ದುಹೋದೀತು!

ಬಣ್ಣದ ಬುಗುರಿ

ಫೋಟೋ ದೂರಿಗೆ ಲಿಸ್ಟಿಂಗ್‌ನ ಚಿತ್ರ ಹೋಯ್ತು. ಆದರೆ ಟ್ರೇಡ್‌ಮಾರ್ಕ್ ದೂರು ತಿರಸ್ಕರಿಸಿದ್ದಾರೆ. 'ದೂರು ಕೊಟ್ಟವರಿಗೂ ಹಕ್ಕಿನ ಮಾಲೀಕರಿಗೂ ಹೊಂದಾಣಿಕೆ ಇಲ್ಲ' ಅಂತ ಒಂದೇ ಸಾಲಿನ ಉತ್ತರ. ಇದೇನಿದು?

ಕೋರ್ಟ್ ಹಾಲ್ 14

ನೋಂದಣಿ ಯಾರ ಹೆಸರಲ್ಲಿದೆ?

ಬಣ್ಣದ ಬುಗುರಿ

ಅತ್ತೆಯ ಹೆಸರಲ್ಲಿ. ಆಗ ಘಟಕ ಅವರದೇ ಆಗಿತ್ತು. ಮಾರ್ಕೆಟ್‌ಪ್ಲೇಸ್ ಖಾತೆ ಈಗಿನ ಪಾಲುದಾರಿಕೆ ಸಂಸ್ಥೆಯ ಹೆಸರಲ್ಲಿದೆ.

ಕೋರ್ಟ್ ಹಾಲ್ 14

ನಮ್ಮ ಕುಟುಂಬದ ವ್ಯಾಪಾರಗಳಲ್ಲಿ ದೂರು ಬೀಳುವುದೇ ಇಲ್ಲಿ. ಸದ್ಯಕ್ಕೆ ಅತ್ತೆಯವರಿಂದ ಒಂದು ಅಧಿಕಾರ ಪತ್ರ ಬರೆಸಿ. ನೋಂದಣಿ ಸಂಖ್ಯೆ ಹಾಕಿ, ಸಂಸ್ಥೆ ಈ ಮಾರ್ಕನ್ನು ಅವರ ಒಪ್ಪಿಗೆಯಿಂದ ಬಳಸುತ್ತಿದೆ, ದೂರು ಕೊಡಲು ಇವರಿಗೆ ಅಧಿಕಾರ ಇದೆ ಅಂತ. ಅದರ ಜೊತೆ ಮತ್ತೆ ಹಾಕಿ. ನೋಟಿಸ್ ಮಾತ್ರ ಅತ್ತೆಯವರ ಹೆಸರಲ್ಲೇ ಹೋಗಬೇಕು, ದಾವೆ ಹಾಕುವ ಹಕ್ಕು ಅವರದು. ನಿಧಾನವಾಗಿ ಮಾರ್ಕನ್ನು ಸಂಸ್ಥೆಗೆ ವರ್ಗಾಯಿಸಿ ರಿಜಿಸ್ಟ್ರಿಯಲ್ಲಿ ದಾಖಲಿಸಿಬಿಡಿ. ಹಾಗೇ ನವೀಕರಣ ಯಾವಾಗ ಅಂತಲೂ ನೋಡಿಕೊಳ್ಳಿ, ನೋಂದಣಿ 10 ವರ್ಷಕ್ಕೊಮ್ಮೆ ಮುಗಿಯುತ್ತದೆ.

ರಾಮನಗರ ರವಿ

ಇಷ್ಟೆಲ್ಲ ಯಾಕೆ? ಚನ್ನಪಟ್ಟಣ ಗೊಂಬೆಗೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗೋ ಭೌಗೋಳಿಕ ಸೂಚನೆ ನೋಂದಣಿ, ಇದೆಯಲ್ಲ. ಅವನು ದೆಹಲಿಯಲ್ಲಿ ಮಾಡಿ 'ಚನ್ನಪಟ್ಟಣ' ಅಂತ ಬರೆದರೆ ಜಿಐ ಉಲ್ಲಂಘನೆ. ಚನ್ನಪಟ್ಟಣದವರು ಯಾರು ಬೇಕಾದರೂ ನೋಟಿಸ್ ಕೊಡಬಹುದು. ಅದನ್ನೇ ದೊಡ್ಡದಾಗಿ ಹಾಕಿ ಅಕ್ಕ.

ಕೋರ್ಟ್ ಹಾಲ್ 14

ರವಿ, ಉಲ್ಲಂಘನೆ ಅನ್ನೋದು ಸರಿ. ಯಾರು ಬೇಕಾದರೂ ಅನ್ನೋದು ತಪ್ಪು. ಜಿಐ ಕಾಯ್ದೆಯ 21ನೇ ಕಲಂ ಪ್ರಕಾರ ನೋಂದಾಯಿತ ಮಾಲೀಕರಿಗೆ ಮತ್ತು ನೋಂದಾಯಿತ ಅಧಿಕೃತ ಬಳಕೆದಾರರಿಗೆ ಮಾತ್ರ ಆ ಹಕ್ಕು. ಚನ್ನಪಟ್ಟಣದಲ್ಲಿ ಹುಟ್ಟಿ ಅಲ್ಲೇ ಲೇತ್ ತಿರುಗಿಸುತ್ತಿದ್ದರೂ ರಿಜಿಸ್ಟರ್‌ನಲ್ಲಿ ಹೆಸರಿಲ್ಲದಿದ್ದರೆ ದಾವೆ ಹಾಕಲು ಬರುವುದಿಲ್ಲ. ಬುಗುರಿ ಮೇಡಂ, ನಿಮ್ಮ ಮನೆಯಲ್ಲಿ ಯಾರಾದರೂ ಅಧಿಕೃತ ಬಳಕೆದಾರರಾಗಿದ್ದಾರಾ?

ಬಣ್ಣದ ಬುಗುರಿ

ಇಲ್ಲ. ಮಾವನ ಹತ್ತಿರ ಕೇಂದ್ರದ ಕುಶಲಕರ್ಮಿ ಗುರುತಿನ ಚೀಟಿ ಇದೆ, ಜಿಐ ಅರ್ಜಿ ಹಾಕಿಲ್ಲ.

ಕೋರ್ಟ್ ಹಾಲ್ 14

ಹಾಗಿದ್ದರೆ ನೋಟಿಸ್‌ನಲ್ಲಿ ಜಿಐ ನಿಮ್ಮ ಹಕ್ಕು ಅಂತ ಬರೆಯಬೇಡಿ. ಅವನು ಸುಳ್ಳು ಊರಿನ ಹೆಸರು ಹಾಕಿದ್ದಾನೆ ಅಂತ ಒಂದು ಸಾಲು ವಾಸ್ತವವಾಗಿ ಹೇಳಿ, ಅಷ್ಟೇ. ಜಿಐ ಹೋರಾಟ ಅದರ ಮಾಲೀಕರಾದ ರಾಜ್ಯ ಕರಕುಶಲ ನಿಗಮದ್ದು, ಅವರಿಗೆ ಪ್ರತಿ ಕಳಿಸಿ. ಮಾವನ ಅರ್ಜಿ ಮಾತ್ರ ಈಗಲೇ ಹಾಕಿಸಿ.

ಆ ಚೀಟಿ ಇನ್ನೊಂದು ಕಾರಣಕ್ಕೆ ಮುಖ್ಯ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವುದಕ್ಕೆ ವಿನಾಯಿತಿ ಇದೆ. ದೆಹಲಿಯವನಿಗೆ ಆ ವಿನಾಯಿತಿ ಇಲ್ಲದೆ, ಗುರುತೂ ಇಲ್ಲದೆ ಮಾರುತ್ತಿದ್ದರೆ ಆ ಗುರುತು ಕೊಡುವ ಬಿಐಎಸ್‌ಗೆ ದೂರು ಕೊಡಬಹುದು, ಅವರ ಆ್ಯಪ್‌ನಲ್ಲೇ ಆಗುತ್ತದೆ. ಆದರೆ ಮೊದಲು ಮಾವನ ಚೀಟಿ ಚಾಲ್ತಿಯಲ್ಲಿದೆಯಾ, ನಿಮ್ಮ ಸಂಸ್ಥೆಯ ಹೆಸರಲ್ಲಿ ಮಾರುವ ಮಾಲಿಗೂ ಅದು ಅನ್ವಯಿಸುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಇಲ್ಲಾಂದ್ರೆ ಅದೇ ದೂರು ನಿಮ್ಮ ಮೇಲೂ ಬರುತ್ತದೆ.

ಬಣ್ಣದ ಬುಗುರಿ

ಅಧಿಕಾರ ಪತ್ರ ಹಾಕಿದ ಮೇಲೆ ಲಿಸ್ಟಿಂಗ್ ಪೂರ್ತಿ ಹೋಯ್ತು! ಈಗ ನೋಟಿಸ್ ಬೇಕಾ? ಕೆಲಸ ಆಯ್ತಲ್ಲ ಅಂತ ತಮ್ಮ ಅಂತಿದ್ದಾನೆ.

ಇಳಕಲ್ ಸೆರಗು

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಐತಿ. ಲಿಸ್ಟಿಂಗ್ ತೆಗೆಸುವ ಮೊದಲೇ ನೋಟಿಸ್ ಕೊಡಬೇಕಿತ್ತು. ನನ್ನ ಕೇಸಿನಲ್ಲಿ ಮೊದಲು ನೋಟಿಸ್ ಕೊಟ್ಟಿದ್ದಕ್ಕೇ ಅವನು ಫೋನ್ ಮಾಡಿ, ಯಾವ ಮಗ್ಗದವರಿಂದ ತರುತ್ತಿದ್ದೇನೆ ಅಂತ ಹೇಳಿದ. ತೆಗೆಸಿಬಿಟ್ಟರೆ ಅವನಿಗೆ ಸಿಟ್ಟು ಬರುತ್ತದೆ, ಬಾಯಿ ಬಿಡುವುದಿಲ್ಲ. ನಮಗೆ ಬೇಕಾದದ್ದು ಮೂಲ ತಾನೇ?

ಕೋರ್ಟ್ ಹಾಲ್ 14

ಅಣ್ಣ, ನಿಮ್ಮ ಮಾತಲ್ಲಿ ಹುರುಳಿದೆ. ಸಣ್ಣ ವ್ಯಾಪಾರಿ, ಗೊತ್ತಿರುವ ಊರು, ಒಂದೇ ಕಡೆ ಮಾರುವವನು ಅಂದರೆ ನಾನೂ ಮೊದಲು ನೋಟಿಸ್ ಕೊಡುತ್ತೇನೆ. ಇಲ್ಲಿ ಅವನು ಲೋಗೋವನ್ನೇ ಮುದ್ರಿಸಿದ್ದಾನೆ. ಅಂಥವನಿಗೆ ಮೊದಲು ನೋಟಿಸ್ ಹೋದರೆ ಆ ರಾತ್ರಿಯೇ ತಾನೇ ಲಿಸ್ಟಿಂಗ್ ಅಳಿಸಿ ಬೇರೆ ಹೆಸರಲ್ಲಿ ಬರುತ್ತಾನೆ, ಮಾರ್ಕೆಟ್‌ಪ್ಲೇಸ್‌ನ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಇದಕ್ಕೆ ಒಂದೇ ಉತ್ತರ ಇದೆ ಅಂತ ನಾನು ಹೇಳಲ್ಲ.

ನೋಟಿಸ್ ಬೇಕೇ ಬೇಕು ಮೇಡಂ. ಲಿಸ್ಟಿಂಗ್ ಹೋಗಿದೆ, ಗೋದಾಮಿನಲ್ಲಿ ಮಾಲು ಹಾಗೇ ಇದೆ. ಈಗ ತಮ್ಮನ ಪತ್ರಕ್ಕೆ ಬರೋಣ.

50 ಲಕ್ಷ ಯಾವ ಲೆಕ್ಕದಿಂದ ಬಂತು? ಲೆಕ್ಕ ಇಲ್ಲದ ಅಂಕಿ ನೋಡಿದರೆ ಎದುರಿನ ವಕೀಲರಿಗೆ ನಗು ಬರುತ್ತದೆ. ಎಷ್ಟು ಮಾರಿದ್ದಾನೆ ಅಂತ ನಿಮಗೆ ಗೊತ್ತಿಲ್ಲ, ಹಾಗಾಗಿ ಮೊದಲು ಲೆಕ್ಕ ಕೇಳಿ. ಎಫ್‌ಐಆರ್ ಮಾತು ಕೂಡ ಅಷ್ಟು ಸುಲಭ ಅಲ್ಲ. ನಕಲಿ ಮಾರ್ಕ್ ಹಾಕುವುದು, ಅಂಥ ಮಾಲು ಮಾರುವುದು ಟ್ರೇಡ್‌ಮಾರ್ಕ್ ಕಾಯ್ದೆಯ 103 ಮತ್ತು 104ನೇ ಕಲಂನಲ್ಲಿ ಅಪರಾಧ ಹೌದು. ಆದರೆ 115(4)ರ ಪ್ರಕಾರ ಜಪ್ತಿ ಮಾಡುವುದು ಡಿವೈಎಸ್‌ಪಿಗಿಂತ ಕೆಳಗಿನವರಲ್ಲ, ಅದಕ್ಕೂ ಮುಂಚೆ ಅವರು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ದುಡ್ಡು ಕೊಡು, ಇಲ್ಲಾ ಜೈಲು ಅಂತ ಬರೆದರೆ ಅದು ಬೆದರಿಕೆ ಥರ ಓದಿಸಿಕೊಳ್ಳುತ್ತದೆ. 142ನೇ ಕಲಂ ಅಂತ ಒಂದಿದೆ. ಆಧಾರ ಇಲ್ಲದೆ ದಾವೆಯ ಬೆದರಿಕೆ ಹಾಕಿದರೆ ಅವನೇ ನಿಮ್ಮ ಮೇಲೆ ದಾವೆ ಹಾಕಬಹುದು. ನಿಮ್ಮ ಹತ್ತಿರ ನೋಂದಣಿ, ಇನ್‌ವಾಯ್ಸ್, ಮಾಲು ಮೂರೂ ಇರುವುದರಿಂದ ಭಯ ಇಲ್ಲ. ಆದರೂ ಹೇಳಿದ್ದನ್ನು ಮಾಡುವವರಾಗಿದ್ದರೆ ಮಾತ್ರ ಹೇಳಿ.

ನೋಟಿಸ್ ಹೀಗಿರಲಿ. ಸಹಿ ಹಾಕುವ ಮೊದಲು ನಿಮ್ಮ ವಕೀಲರಿಗೆ ತೋರಿಸಿ.

> ನಮ್ಮ ಕಕ್ಷಿದಾರರು 28ನೇ ವರ್ಗದ ____ ಸಂಖ್ಯೆಯ ಟ್ರೇಡ್‌ಮಾರ್ಕ್‌ನ ನೋಂದಾಯಿತ ಮಾಲೀಕರು. ನೋಂದಣಿ ಪತ್ರ ಲಗತ್ತಿಸಿದೆ.
>
> ನೀವು ____ ಎಂಬ ಹೆಸರಿನಲ್ಲಿ ____ ಲಿಂಕ್‌ನಲ್ಲಿ ಈ ಮಾರ್ಕ್ ಹಾಕಿದ ಮರದ ಆಟಿಕೆ ಮಾರಿದ್ದೀರಿ. ____ ದಿನಾಂಕದ ನಿಮ್ಮ ಇನ್‌ವಾಯ್ಸ್ ಸಂಖ್ಯೆ ____ ಮೂಲಕ ಖರೀದಿಸಿದ ಆಟಿಕೆ ನಮ್ಮ ಕಕ್ಷಿದಾರರು ತಯಾರಿಸಿದ್ದಲ್ಲ. ಕಾರಣಗಳು ಮತ್ತು ಫೋಟೋಗಳು ಲಗತ್ತಿನಲ್ಲಿವೆ. ಇದು ಟ್ರೇಡ್‌ಮಾರ್ಕ್ ಕಾಯ್ದೆ 1999ರ 29ನೇ ಕಲಂನ ಉಲ್ಲಂಘನೆ.
>
> ಈ ನೋಟಿಸ್ ತಲುಪಿದ 7 ದಿನದೊಳಗೆ ನೀವು ಈ ಮಾರ್ಕ್ ಅಥವಾ ಅದನ್ನು ಹೋಲುವ ಯಾವುದೇ ಮಾರ್ಕ್ ಇರುವ ಮಾಲಿನ ಮಾರಾಟವನ್ನು ಎಲ್ಲ ಕಡೆ, ಎಲ್ಲ ಹೆಸರುಗಳಲ್ಲಿ ನಿಲ್ಲಿಸಬೇಕು. ಉಳಿದಿರುವ ಮಾಲು, ಲೇಬಲ್, ಡಬ್ಬಿಗಳ ಸಂಖ್ಯೆ ತಿಳಿಸಬೇಕು. ಅವನ್ನು ಮಾರಬಾರದು, ಸರಬರಾಜುದಾರರಿಗೆ ಹಿಂದಿರುಗಿಸಬಾರದು, ನಮಗೆ ತಿಳಿಸದೆ ನಾಶ ಮಾಡಬಾರದು. ಇದುವರೆಗೆ ಮಾರಿದ ಸಂಖ್ಯೆ, ಬಂದ ಹಣ, ಮತ್ತು ಮಾಲು ಕೊಟ್ಟವರ ಹೆಸರು, ವಿಳಾಸ, ಬಿಲ್ಲು ಕೊಡಬೇಕು. ಲಗತ್ತಿಸಿರುವ ಮುಚ್ಚಳಿಕೆಗೆ ಸಹಿ ಹಾಕಿ ಕಳಿಸಬೇಕು.
>
> ತಪ್ಪಿದಲ್ಲಿ ತಡೆಯಾಜ್ಞೆ ಮತ್ತು ಪರಿಹಾರಕ್ಕಾಗಿ ಸೂಕ್ತ ನ್ಯಾಯಾಲಯದಲ್ಲಿ ದಾವೆ ಹೂಡಲಾಗುವುದು. ಕಕ್ಷಿದಾರರ ಇತರ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ.

'ಸರಬರಾಜುದಾರರಿಗೆ ಹಿಂದಿರುಗಿಸಬಾರದು' ಅನ್ನೋ ಮಾತು ಬಿಡಬೇಡಿ. ವಾಪಸ್ ಹೋದ ಮಾಲು ಇನ್ನೊಬ್ಬನ ಅಂಗಡಿಗೆ ಬರುತ್ತದೆ. ಮುಚ್ಚಳಿಕೆಯನ್ನು ನೀವೇ ತಯಾರು ಮಾಡಿ ಲಗತ್ತಿಸಿ. 'ಬರೆದು ಕಳಿಸಿ' ಅಂದರೆ ಅವನು 'ಇನ್ನು ಮಾಡಲ್ಲ ಸಾರಿ' ಅಂತ ವಾಟ್ಸಾಪ್ ಹಾಕುತ್ತಾನೆ. ಸ್ಪೀಡ್ ಪೋಸ್ಟ್‌ನಲ್ಲಿ ತಲುಪಿದ ದಾಖಲೆ ಸಿಗುವಂತೆ ಕಳಿಸಿ, ಮೇಲ್‌ನಲ್ಲೂ ಕಳಿಸಿ. ಲಕೋಟೆ ವಾಪಸ್ ಬಂದರೆ ಬಿಚ್ಚದೆ ಇಡಿ. ಅಂದಹಾಗೆ, ಇನ್‌ಸ್ಟಾಗ್ರಾಂನಲ್ಲಿ ಅವನ ಹೆಸರು ಹಾಕಿ 'ಕಳ್ಳ' ಅಂತ ಪೋಸ್ಟ್ ಹಾಕುವ ಆಸೆ ಇದ್ದರೆ ಸದ್ಯಕ್ಕೆ ತಡೆದುಕೊಳ್ಳಿ.

ಬಣ್ಣದ ಬುಗುರಿ

ತಮ್ಮ ಆಗಲೇ ಡಿಸೈನ್ ಮಾಡಿಟ್ಟಿದ್ದ ಸರ್. ಡಿಲೀಟ್ ಮಾಡಿಸಿದೆ.

ಬಣ್ಣದ ಬುಗುರಿ

ಅಪ್‌ಡೇಟ್. ನೋಟಿಸ್ ತಲುಪಿತು. ಅವನು ವಕೀಲರಿಗೆ ಫೋನ್ ಮಾಡಿ, 'ಸಗಟು ಮಾರುಕಟ್ಟೆಯಲ್ಲಿ ಕೊಂಡೆ, ನಕಲಿ ಅಂತ ಗೊತ್ತಿರಲಿಲ್ಲ, ಬಿಲ್ ಇಲ್ಲ' ಅಂದನಂತೆ. ಮುಚ್ಚಳಿಕೆಗೆ ಸಹಿ ಹಾಕಿ ಕಳಿಸಿದ. ಆದರೆ ಸರಬರಾಜುದಾರರ ಕಾಲಂ ಖಾಲಿ, ಉಳಿದ ಮಾಲು 'ಸೊನ್ನೆ' ಅಂತ ಬರೆದಿದ್ದಾನೆ.

ಸೆಲ್ಲರ್ ಸೀನ

ಸೊನ್ನೆನಾ! ಹೋದ ವಾರದವರೆಗೆ ಲಿಸ್ಟಿಂಗ್‌ನಲ್ಲಿ ಸ್ಟಾಕ್ ತೋರಿಸ್ತಿತ್ತು. ಆದರೆ ಗೊತ್ತಿರಲಿಲ್ಲ ಅಂದ್ರೆ ತಪ್ಪಿಸ್ಕೊಂಡ ಹಾಗೇ ಅಲ್ವಾ ಸರ್?

ಕೋರ್ಟ್ ಹಾಲ್ 14

ಇಲ್ಲ. ಗೊತ್ತಿರಲಿಲ್ಲ ಅನ್ನೋದರಿಂದ ಪರಿಹಾರದ ಮೊತ್ತ ಕಡಿಮೆಯಾಗಬಹುದು, ಅದನ್ನು ಅವನು ಸಾಬೀತು ಮಾಡಬೇಕು. ತಡೆಯಾಜ್ಞೆಗೆ ಅದು ಅಡ್ಡಿಯಲ್ಲ. ಇನ್ನು, ಬಿಲ್ ಇಲ್ಲದೆ ಕೊಂಡಿದ್ದೇನೆ ಅಂತ ಜಿಎಸ್‌ಟಿ ನೋಂದಣಿ ಇರುವವನು ಲಿಖಿತವಾಗಿ ಹೇಳಿದರೆ ಅದು ಅವನಿಗೇ ಕಷ್ಟ. ಆ ಮಾತನ್ನು ಮೇಲ್‌ನಲ್ಲಿ ಬರೆಸಿಕೊಳ್ಳಲು ನಿಮ್ಮ ವಕೀಲರಿಗೆ ಹೇಳಿ.

ಬಣ್ಣದ ಬುಗುರಿ

ಸರ್, ಮತ್ತೆ ಬಂದ. ಈ ಸಲ ಬೇರೆ ಸೆಲ್ಲರ್ ಹೆಸರು, ಬೇರೆ ರಾಜ್ಯ. ನಮ್ಮ ಬ್ರ್ಯಾಂಡ್ ಹೆಸರಲ್ಲಿ ಒಂದು ಅಕ್ಷರ ಬದಲು. ಫೋಟೋ ಹೊಸದು, ಆದರೆ ಅದೇ ಬಣ್ಣದ ಹನಿ ಬಳೆಯ ಒಳಗೆ ಕಾಣಿಸುತ್ತಿದೆ. ಇವನು ಅವನೇನಾ ಅಂತ ಹೇಗೆ ಹೇಳೋದು?

ರಾಮನಗರ ರವಿ

ಒಂದು ಅಕ್ಷರ ಬೇರೆ ಅಂದ್ರೆ ಕೇಸ್ ಬೀಳಲ್ಲ ಅನ್ಸುತ್ತೆ ಅಕ್ಕ.

ಕೋರ್ಟ್ ಹಾಲ್ 14

ಬೀಳುತ್ತದೆ ರವಿ. ಗಿರಾಕಿ ಮೋಸ ಹೋಗುವಷ್ಟು ಹೋಲಿಕೆ ಇದ್ದರೆ 29ನೇ ಕಲಂ ಅದನ್ನೂ ಹಿಡಿಯುತ್ತದೆ. ಅದಕ್ಕೇ ನೋಟಿಸ್‌ನಲ್ಲೂ ಮುಚ್ಚಳಿಕೆಯಲ್ಲೂ 'ಹೋಲುವ ಯಾವುದೇ ಮಾರ್ಕ್' ಅಂತ ಹಾಕಿದ್ದು. ಆದರೆ ಮಾರ್ಕೆಟ್‌ಪ್ಲೇಸ್ ಫಾರಂನಲ್ಲಿ ಈಗ 'ನಕಲಿ' ಬದಲು 'ಟ್ರೇಡ್‌ಮಾರ್ಕ್ ಉಲ್ಲಂಘನೆ' ಆರಿಸಿ, ಹಳೇ ದೂರಿನ ಸಂಖ್ಯೆ ಕೊಡಿ.

ದೂರಿಗೆ ಮುಂಚೆ ಮತ್ತೆ ಒಂದು ಪೀಸ್ ತರಿಸಿ. ಇನ್‌ವಾಯ್ಸ್ ಬಂದ ಮೇಲೆ ಎರಡು ಜಿಎಸ್‌ಟಿ ನಂಬರ್‌ಗಳನ್ನು ಒಂದರ ಕೆಳಗೊಂದು ಬರೆಯಿರಿ. ಮೊದಲ ಎರಡು ಅಂಕಿ ರಾಜ್ಯದ್ದು, ದೆಹಲಿಗೆ 07, ಹರಿಯಾಣಕ್ಕೆ 06. ಅದರ ಮುಂದಿನ ಹತ್ತು ಅಕ್ಷರ ಪ್ಯಾನ್. ರಾಜ್ಯ ಬೇರೆ ಆದರೂ ಪ್ಯಾನ್ ಒಂದೇ ಆಗಿದ್ದರೆ ವ್ಯಕ್ತಿ ಒಬ್ಬನೇ.

ಬಣ್ಣದ ಬುಗುರಿ

ಇನ್‌ವಾಯ್ಸ್ ಬಂತು. 06 ಇದೆ. ಆಮೇಲಿನ ಹತ್ತೂ ಅದೇ!

ಕೋರ್ಟ್ ಹಾಲ್ 14

ಹಾಗಿದ್ದರೆ ಇನ್ನೊಂದು ನೋಟಿಸ್‌ಗೆ ಕಾಸು ಖರ್ಚು ಮಾಡಬೇಡಿ. ಮುಚ್ಚಳಿಕೆ ಮುರಿದಿದ್ದಾನೆ, ದಾಖಲೆ ನಿಮ್ಮ ಕೈಯಲ್ಲಿದೆ. 134ನೇ ಕಲಂ ಪ್ರಕಾರ ಮಾರ್ಕ್‌ನ ಮಾಲೀಕರು ವಾಸಿಸುವ ಅಥವಾ ವ್ಯಾಪಾರ ಮಾಡುವ ಕಡೆಯ ಜಿಲ್ಲಾ ಕೋರ್ಟ್‌ನಲ್ಲೇ ದಾವೆ ಹಾಕಬಹುದು. ದೆಹಲಿಗೆ ಓಡಬೇಕಾಗಿಲ್ಲ, ಅವನೇ ಇಲ್ಲಿಗೆ ಬರಲಿ. ತುರ್ತು ತಡೆಯಾಜ್ಞೆ ಕೇಳುವುದಾದರೆ ತಡ ಮಾಡಬೇಡಿ. ಅತ್ತೆಯವರನ್ನು ಕರೆದುಕೊಂಡು ಈ ವಾರವೇ ವಕೀಲರ ಹತ್ತಿರ ಹೋಗಿ. ಬಿಚ್ಚದೆ ಇಟ್ಟ ಡಬ್ಬಿ ಮರೆಯಬೇಡಿ.

ಇಳಕಲ್ ಸೆರಗು

ಸರಬರಾಜುದಾರ ಯಾರು ಅಂತ ಇನ್ನೂ ಗೊತ್ತಾಗಲಿಲ್ಲ ನೋಡ್ರಿ. ಅದಕ್ಕೇ ನಾನು ಹೇಳಿದ್ದು.

ಕೋರ್ಟ್ ಹಾಲ್ 14

ಅದು ನಿಜ ಅಣ್ಣ. ಕೋರ್ಟ್ ಕಮಿಷನರ್ ಗೋದಾಮಿಗೆ ಹೋದರೆ ಬಿಲ್ ಪುಸ್ತಕ ಸಿಗಬಹುದು, ಸಿಗದೆಯೂ ಇರಬಹುದು.